ನಾಗಸಂದ್ರದ ತಳ್ಳುಗಾಡಿಯ ಚೌಕುಳಿ ಹಲಗೆ: ಖರ್ಚು ಯಾರ ಪಾಲಿಗೆ?

ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ತರಕಾರಿ ಹೊತ್ತು ಹೋಗುವ ರೈತರಿಗೆ ನಾಗಸಂದ್ರ ಹೊಸ ಊರಲ್ಲ. 2015ರಿಂದ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಹಳಿ ಮುಂದುವರಿಯುವವರೆಗೆ ಹಸಿರು ಮೆಟ್ರೊ ಗೆರೆಯ ಕೊನೆಯ ನಿಲ್ದಾಣ ಇದೇ ಆಗಿತ್ತು. ಇಂತಹ ಕಡೆ ಸೊಪ್ಪು, ಸೌತೆಕಾಯಿ, ಹೂವು ಮಾರುವ ಗಾಡಿಗಳ ಮೇಲೆ ಕಪ್ಪು ಬಿಳುಪಿನ ಚೌಕುಳಿ ಚಿತ್ರದ ಹಲಗೆ ಇಂದು ತಕ್ಕಡಿಯಷ್ಟೇ ಸಾಮಾನ್ಯ. ಗಿರಾಕಿ ಫೋನು ಹಿಡಿದೊಡನೆ ಪುಟ್ಟ ಪೆಟ್ಟಿಗೆಯೊಂದು ‘ಮೂವತ್ತು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ. ಗಿರಾಕಿ ಈ ಸೇವೆಗೆ ಕಾಸು ಕೊಡಲಿಲ್ಲ, ಗಾಡಿಯವನೂ ಆ ಮೂವತ್ತರಲ್ಲಿ ಒಂದು ಪೈಸೆ ಬಿಡಲಿಲ್ಲ. ಹಾಗಾದರೆ ನಡುವೆ ನಿಂತವರ ಖರ್ಚು ಎಲ್ಲಿಂದ ಹುಟ್ಟುತ್ತದೆ?

ಇದನ್ನು ತಿಳಿಯಲು ನಮ್ಮ ಸಂತೆಯನ್ನೇ ನೋಡಬಹುದು. ಕೊಳ್ಳುವವರು ಇಲ್ಲದ ಸಂತೆಗೆ ಮಾರುವವನು ಬರುವುದಿಲ್ಲ, ಸರಕಿಲ್ಲದ ಸಂತೆಗೆ ಕೊಳ್ಳುವವನು ಬರುವುದಿಲ್ಲ. ಒಂದು ಕಡೆ ಜನ ಹೆಚ್ಚಿದಷ್ಟೂ ಇನ್ನೊಂದು ಕಡೆಯವರಿಗೆ ಆ ಜಾಗದ ಬೆಲೆ ಏರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಜಾಲದ ಪರಿಣಾಮ ಎನ್ನುತ್ತಾರೆ. ಆದ್ದರಿಂದಲೇ ಸಂತೆ ನಡೆಸುವವರು ಎರಡೂ ಕಡೆಯಿಂದ ಸಮನಾಗಿ ಸುಂಕ ಎತ್ತುವುದಿಲ್ಲ. ಕೊಳ್ಳುವವನು ಪುಕ್ಕಟೆ ಒಳಬರುತ್ತಾನೆ, ಸುಂಕ ಕೊಡುವವನು ಚೀಲ ಬಿಚ್ಚಿ ಕೂತವನು. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಮಾರುಕಟ್ಟೆ ಶುಲ್ಕವನ್ನೂ ದಲ್ಲಾಳಿಯ ಕಮಿಷನನ್ನೂ ಕೊಳ್ಳುವವನೇ ಕೊಡಬೇಕೆಂಬುದು ನಮ್ಮ ರಾಜ್ಯದ ಕಾನೂನು. ಬಿಳಿ ಚೀಟಿಯಲ್ಲಿ ರೈತನಿಂದಲೇ ಮುರಿದುಕೊಳ್ಳುವ ಚಾಳಿ ಬೇರೆ ಮಾತು. ಯಾವ ಕಡೆ ಸುಂಕ ಹಾಕಿದರೆ ಜನ ಚದರುವುದಿಲ್ಲವೋ ಆ ಕಡೆ ಹಾಕುವುದೇ ನಡುವೆ ನಿಂತವನ ಜಾಣ್ಮೆ. ಫ್ರಾನ್ಸಿನ ಝಾನ್ ತಿರೋಲ್ ಅವರು ಸಂಗಡಿಗ ರೋಶೆ ಅವರೊಂದಿಗೆ ಇದರ ಲೆಕ್ಕವನ್ನು ಬಿಡಿಸಿ ತೋರಿಸಿದರು. ತಿರೋಲ್ ಅವರಿಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು.

ಈಗ ನಾಗಸಂದ್ರದ ಒಂದು ಗಾಡಿಯನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ. ದಿನಕ್ಕೆ ನೂರು ಗಿರಾಕಿಗಳು, ತಲಾ 30 ರೂಪಾಯಿ ವ್ಯಾಪಾರ. ಖರೀದಿ, ಸಾಗಣೆ, ಕೊಳೆತದ್ದು ಎಲ್ಲ ಕಳೆದು ಒಬ್ಬ ಗಿರಾಕಿಯಿಂದ ನಾಲ್ಕೂವರೆ ರೂಪಾಯಿ ಉಳಿಯುತ್ತದೆ ಎನ್ನೋಣ. ಕ್ರೆಡಿಟ್ ಕಾರ್ಡಿನ ರೂಢಿಯಂತೆ ನೂರಕ್ಕೆ ಎರಡು ರೂಪಾಯಿ ಶುಲ್ಕವಾದರೆ ಪ್ರತಿ ವ್ಯಾಪಾರಕ್ಕೆ 60 ಪೈಸೆ, ದಿನಕ್ಕೆ 60 ರೂಪಾಯಿ.

ಈ 60 ಪೈಸೆಯನ್ನು ಗಿರಾಕಿಯ ಮೇಲೆ ಹಾಕಿದರೆ ಆತ ಕೂಡಲೇ ಜೇಬಿನಿಂದ ನೋಟು ತೆಗೆಯುತ್ತಾನೆ. ನೋಟಿಗೆ ಸುಂಕವಿಲ್ಲವಲ್ಲ! ಗಾಡಿಯವನ ಮೇಲೆ ಹಾಕಿದರೆ ಅವನು ಬೇರೆ ರೀತಿ ಯೋಚಿಸುತ್ತಾನೆ. ಹಲಗೆ ತೆಗೆದರೆ ನೂರರಲ್ಲಿ ಇಪ್ಪತ್ತು ಜನ ಪಕ್ಕದ ಗಾಡಿಗೆ ಹೋಗುವುದಾದರೆ ಅವನಿಗೆ 90 ರೂಪಾಯಿ ನಷ್ಟ, ಆದ್ದರಿಂದ 60 ರೂಪಾಯಿ ಶುಲ್ಕ ಸಹಿಸುತ್ತಾನೆ. ಹತ್ತೇ ಜನ ಹೋಗುವುದಾದರೆ ನಷ್ಟ 45 ರೂಪಾಯಿ, ಆಗ ಹಲಗೆಯನ್ನು ಕಿತ್ತಿಡುತ್ತಾನೆ. ಶುಲ್ಕ ಎಷ್ಟರವರೆಗೆ ಏರಬಹುದು ಎಂಬುದನ್ನು ನಿರ್ಧರಿಸುವುದು ಈ ಓಡಿಹೋಗುವ ಗಿರಾಕಿಗಳ ಸಂಖ್ಯೆಯೇ.

ಇದರಲ್ಲೊಂದು ಸೂಕ್ಷ್ಮವಿದೆ. ಬೀದಿಯ ಎಲ್ಲ ಗಾಡಿಗಳೂ ಹಲಗೆ ಇಟ್ಟುಕೊಂಡ ಮೇಲೆ ಯಾರಿಗೂ ಹೊಸ ಗಿರಾಕಿ ಬರುವುದಿಲ್ಲ, ಆದರೆ ಎಲ್ಲರೂ ಶುಲ್ಕ ಕಟ್ಟುತ್ತಲೇ ಇರಬೇಕು, ತೆಗೆದವನು ಮಾತ್ರ ಕೆಡುತ್ತಾನೆ. ಕೊನೆಗೆ ಅವರು ಕಟ್ಟಿಗೆ ಅರ್ಧ ರೂಪಾಯಿ ಏರಿಸುತ್ತಾರೆ, ಇಲ್ಲವೇ ರೈತನ ಬಳಿ ಅಷ್ಟನ್ನು ಇಳಿಸಿ ಕೇಳುತ್ತಾರೆ. ನಗದು ಕೊಡುವ ಬಡ ಗಿರಾಕಿಯೂ ಕಾರ್ಡಿನವನ ಖರ್ಚು ಹೊರುತ್ತಾನೆ. 1950ರಲ್ಲಿ ಅಮೆರಿಕದ ಡೈನರ್ಸ್ ಕ್ಲಬ್ ಹೋಟೆಲುಗಳಿಂದ ನೂರಕ್ಕೆ ಏಳು ಡಾಲರ್ ಮುರಿದುಕೊಂಡು ಶುರುವಾದಂದಿನಿಂದ ಕಾರ್ಡಿನ ದಂಧೆ ನಡೆದಿರುವುದು ಹೀಗೆಯೇ.

ನಮ್ಮ ದೇಶದಲ್ಲಿ 2016ರಲ್ಲಿ ಬಂದ ಯುಪಿಐ ಬೇರೆ ದಾರಿ ಹಿಡಿಯಿತು. 2020ರ ಜನವರಿ 1ರಿಂದ ಸರ್ಕಾರ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಮೇಲೆ ವ್ಯಾಪಾರಿಯಿಂದ ಶುಲ್ಕ ಎತ್ತುವುದನ್ನು ನಿಲ್ಲಿಸಿತು. ಎರಡೂ ಕಡೆ ಸೊನ್ನೆ. ಯಾವ ಕಂಪನಿಯ ಹಲಗೆಯನ್ನು ಯಾವ ಕಂಪನಿಯ ಫೋನಿನಿಂದಲಾದರೂ ಓದಬಹುದಾದ್ದರಿಂದ ಜಾಲ ಒಬ್ಬನ ಸ್ವತ್ತಾಗಲಿಲ್ಲ, ಒಂದು ಕಂಪನಿ ಶುಲ್ಕ ಕೇಳಿದರೆ ಗಾಡಿಯವನು ಮರುದಿನವೇ ಇನ್ನೊಂದರ ಹಲಗೆ ಅಂಟಿಸಬಹುದು.

ಹಾಗೆಂದು ಖರ್ಚು ಮಾಯವಾಗಲಿಲ್ಲ, ಬೇರೆ ತಲೆಗೆ ಹೋಯಿತು. ಒಂದು ಪಾಲನ್ನು ತೆರಿಗೆದಾರ ಕೊಟ್ಟ. 2024-25ನೇ ಸಾಲಿಗೆ ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿತ್ತು. ಸಣ್ಣ ವ್ಯಾಪಾರಿಗೆ ಬಂದ ಎರಡು ಸಾವಿರ ರೂಪಾಯಿವರೆಗಿನ ಪಾವತಿಗೆ ಇದು ನೂರಕ್ಕೆ 15 ಪೈಸೆ, ಅಂದರೆ ನಮ್ಮ ಗಾಡಿಯ 30 ರೂಪಾಯಿಗೆ ನಾಲ್ಕೂವರೆ ಪೈಸೆ. ಅದನ್ನೂ ಬ್ಯಾಂಕು, ಕಂಪನಿಗಳು ಹಂಚಿಕೊಳ್ಳಬೇಕು. ಉಳಿದದ್ದಕ್ಕೆ ಕಂಪನಿಗಳು ಬೇರೆ ಬಾಗಿಲು ಹುಡುಕಿದವು: ಕೂಗುವ ಪೆಟ್ಟಿಗೆಗೆ ತಿಂಗಳಿಗೆ ನೂರರ ಆಸುಪಾಸಿನ ಬಾಡಿಗೆ, ಮತ್ತು ದಿನದ ವಸೂಲಿಯಿಂದಲೇ ಕಂತು ಮುರಿದುಕೊಳ್ಳುವ ಸಾಲ. ಗಾಡಿಯವನ ವ್ಯಾಪಾರವನ್ನು ದಿನವೂ ಕಾಣುವವನಿಗೆ ಸಾಲ ಕೊಡುವುದು ಸುಲಭ. ಬಾಡಿಗೆ, ಕಂತು ಎರಡೂ ಮೆಲ್ಲನೆ ಕಳೆದುಹೋಗುವುದರಿಂದ ಪೆಟ್ಟಿಗೆ ಕೂಗಿದ ಒಟ್ಟು ಮೊತ್ತವನ್ನೂ ಪಾಸ್‌ಬುಕ್ಕಿನ ಜಮೆಯನ್ನೂ ತಿಂಗಳಿಗೊಮ್ಮೆ ತಾಳೆ ನೋಡದೆ ಅದು ಗೊತ್ತಾಗದು.

ಇನ್ನೊಂದು ಬಾಗಿಲು ಕ್ರೆಡಿಟ್ ಕಾರ್ಡಿನದು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದಾಗಿದೆ. ಹಲಗೆ ಅದೇ, ಫೋನು ಅದೇ, ಆದರೆ ಹಣ ಖಾತೆಯದಲ್ಲ, ಸಾಲದ್ದು. ದೊಡ್ಡ ಮೊತ್ತವಾದರೆ ವ್ಯಾಪಾರಿಗೆ ಶುಲ್ಕ ಬೀಳುತ್ತದೆ. ಎಂಟು ಸಾವಿರದ ಗೊಬ್ಬರಕ್ಕೆ ನೂರಕ್ಕೆ ಎರಡರಂತೆ ಹಿಡಿದರೆ 160 ರೂಪಾಯಿ. ಗೊಬ್ಬರದಂಗಡಿಯವರು ‘ಖಾತೆಯಿಂದಲೇ ಕೊಡಿ’ ಎಂದು ಕೇಳಿದರೆ ಕಾರಣ ಇದು.

ಜಾಲ ಬಿಚ್ಚಿಕೊಳ್ಳುವುದನ್ನೂ ಬೆಂಗಳೂರು ಕಂಡಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಅನೇಕರು ಚೌಕುಳಿ ಹಲಗೆ ಕಿತ್ತು ‘ನಗದು ಮಾತ್ರ’ ಎಂದು ಬರೆದು ಹಾಕಿದರು. ಶುಲ್ಕ ಸೊನ್ನೆಯೇ ಇತ್ತು. ಆದರೆ ಲೆಕ್ಕ ಬಯಲಾಗುವುದೂ ಒಂದು ಬೆಲೆಯೇ, ಅದು ಬಿದ್ದದ್ದು ಒಂದೇ ಕಡೆಗೆ. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಮಾತಾಡಿ ಹಳೆಯ ಬಾಕಿಯ ವಸೂಲಿ ಕೈಬಿಡುವುದಾಗಿಯೂ, ನೋಂದಣಿ ಮಾಡಿಸಬೇಕೆಂದೂ ಹೇಳಿದರು.

ನೋಟಿಸಿನ ಭಯದಿಂದ ರೈತರೂ ಯುಪಿಐ ಬೇಡವೆನ್ನುವುದುಂಟು. ಸರಕು ಮಾರುವವರಿಗೆ ಆಗ ಇದ್ದ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ದಿನಕ್ಕೆ ಹತ್ತಿರ ಹತ್ತಿರ ಹನ್ನೊಂದು ಸಾವಿರ. ಸ್ವಂತ ಜಮೀನಿನಲ್ಲಿ ಬೆಳೆದದ್ದನ್ನು ಮಾರುವ ಕೃಷಿಕನಿಗೆ ಅಷ್ಟರ ಮಟ್ಟಿಗೆ ಜಿ.ಎಸ್.ಟಿ. ನೋಂದಣಿಯೇ ಬೇಕಿಲ್ಲ. ಅಕ್ಕಪಕ್ಕದವರ ಸೊಪ್ಪನ್ನೂ ಕೊಂಡು ತಂದು ಮಾರುವವನು ಆ ಭಾಗಕ್ಕೆ ವ್ಯಾಪಾರಿ ಎನಿಸುತ್ತಾನೆ. ಎರಡೂ ಹಣ ಒಂದೇ ಹಲಗೆಯಿಂದ ಒಂದೇ ಖಾತೆಗೆ ಬಿದ್ದರೆ ಯಾವುದು ಯಾವುದೆಂದು ಪಾಸ್‌ಬುಕ್ಕು ಹೇಳುವುದಿಲ್ಲ, ಪಹಣಿ ಮತ್ತು ಖರೀದಿ ಚೀಟಿಗಳು ಹೇಳಬೇಕು.