ಸೋಫಾದಿಂದ ಕಾಣದ ಒತ್ತಕ್ಷರ

ಅಂಗಡಿಯಲ್ಲಿ ಎರಡಡಿ ದೂರ ನಿಂತರೆ ಯಾವ ಸ್ಮಾರ್ಟ್ ಟಿವಿಯೂ ಚೆಂದವೇ. ಅದರ ಮೆನುವನ್ನು ಅಳೆಯಬೇಕಾದ್ದು ಸೋಫಾದಿಂದ, ಅದೂ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡು ಎಂಬುದು ನನ್ನ ವಾದ.

ಚಿಂಚವಾಡದ ನಮ್ಮ ಹಾಲ್‌ನಲ್ಲಿ ಸೋಫಾಗೂ 43 ಇಂಚಿನ ಟಿವಿಗೂ ಮೂರು ಮೀಟರ್ ಅಂತರ. ಪರದೆಯ ಎತ್ತರ ಸುಮಾರು 53 ಸೆಂ.ಮೀ.; ಅದರಲ್ಲಿ 1080 ಸಾಲು ಚುಕ್ಕೆಗಳು. ಅಂದರೆ ಒಂದು ಚುಕ್ಕೆ ಅರ್ಧ ಮಿ.ಮೀ. ಒಳ್ಳೆಯ ದೃಷ್ಟಿಯವರಿಗೂ ಇಷ್ಟು ದೂರದಿಂದ ಅಕ್ಷರ ಗುರುತು ಸಿಗಲು 4.4 ಮಿ.ಮೀ., ಹೆಚ್ಚುಕಡಿಮೆ ಒಂಬತ್ತು ಚುಕ್ಕೆ ಎತ್ತರ ಬೇಕು. 24 ಚುಕ್ಕೆಯ ಫಾಂಟಿನಲ್ಲಿ ಇಂಗ್ಲಿಷ್ ಹೇಗೋ ಪಾಸಾಗುತ್ತದೆ. ಕನ್ನಡದ ಒತ್ತಿಗೆ ಅಲ್ಲಿ ದಕ್ಕುವುದು ಆರೇಳು ಚುಕ್ಕೆ ಮಾತ್ರ.

ಫೋಕಸ್ ಬಂದಾಗ ಇನ್ನೊಂದು ತೊಂದರೆ. ಇಂಗ್ಲಿಷಿನ ಅಳತೆಗೆ ಹೊಲಿದ ಬಣ್ಣದ ಚೌಕಟ್ಟು ಕೆಳಗಿನ ಒತ್ತನ್ನು ಕತ್ತರಿಸಿಬಿಡುತ್ತದೆ, ಕತ್ತೆ ಕತೆಯಾಗುತ್ತದೆ! ಅನುವಾದಕರು ಎಷ್ಟು ತಿದ್ದಿದರೂ ಇದು ಸರಿಹೋಗದು, ಸಾಲಿನ ಎತ್ತರವನ್ನೇ ಹೆಚ್ಚಿಸಬೇಕು.

ಚೌಕಟ್ಟಿಗೆ ಬಣ್ಣವೊಂದೇ ಸಾಲದು. ‘ಹೌದು’, ‘ಬೇಡ’ ಎಂಬ ಎರಡೇ ಗುಂಡಿಗಳಿದ್ದು, ಒಂದು ಬೂದು, ಇನ್ನೊಂದು ಬಿಳಿಯಾದರೆ ಆಯ್ಕೆಯಾಗಿರುವುದು ಯಾವುದು? ಮೂರು ಗುಂಡಿಗಳಿದ್ದರೆ ಬೇರೆಯಾಗಿ ಕಾಣುವುದನ್ನು ಊಹಿಸಬಹುದು, ಎರಡಿದ್ದಾಗ ಅದೂ ಇಲ್ಲ. ಆಯ್ದ ಗುಂಡಿ ತುಸು ಹಿಗ್ಗಬೇಕು, ದಪ್ಪ ಅಂಚು ಪಡೆಯಬೇಕು.

ಕೊಳ್ಳುವ ಮುನ್ನ ರಿಮೋಟ್ ಕೇಳಿ ಪಡೆಯಿರಿ. ಸಾಲಿನ ನಾಲ್ಕನೇ ಚಿತ್ರದಿಂದ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಒತ್ತಿ. ಫೋಕಸ್ ನಾಲ್ಕನೆಯದಕ್ಕೇ ಮರಳಬೇಕು. ಮೊದಲನೆಯದಕ್ಕೆ ಹಾರಿದರೆ ಆ ಟಿವಿಯನ್ನು ಅಲ್ಲೇ ಬಿಟ್ಟು ಬನ್ನಿ.