ಫಲಿತಾಂಶ ಬಂದ ಮೇಲೆ ಬಂದ 75 ಪರ್ಸೆಂಟ್

2009ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನ ಹೈಕೋರ್ಟ್ 13 ಭಾಷಾಂತರಕಾರರ ಹುದ್ದೆಗೆ ಅರ್ಜಿ ಕರೆಯಿತು. ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ, ಅಷ್ಟೇ. 21 ಜನ ಬರೆದರು. ಫಲಿತಾಂಶ ಬಂದಾಗ ಆಯ್ಕೆಯಾದವರು ಬರೀ 3 ಜನ. ಹುದ್ದೆ 13 ಇದ್ದಾವೆ, ಅಭ್ಯರ್ಥಿಗಳೂ ಇದ್ದಾರೆ, ಮತ್ತೆ ಉಳಿದ 10 ಯಾಕೆ ಖಾಲಿ? ಕಾರಣ ಆಮೇಲೆ ಗೊತ್ತಾಯ್ತು: ಕನಿಷ್ಠ ಶೇ 75 ಅಂಕ ಪಡೆದವರನ್ನು ಮಾತ್ರ ತೆಗೆದುಕೊಳ್ಳಬೇಕು ಅಂತ ಮುಖ್ಯ ನ್ಯಾಯಮೂರ್ತಿಗಳು ಆದೇಶಿಸಿದ್ದರು. ಅಧಿಸೂಚನೆಯಲ್ಲಿ ಆ 75ರ ಸುಳಿವೇ ಇರಲಿಲ್ಲ.

ಆಯ್ಕೆಯಾಗದ ಮೂವರು ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ಅದೇ ಹೈಕೋರ್ಟಿಗೆ. 2010ರ ಮಾರ್ಚ್‌ನಲ್ಲಿ ಅರ್ಜಿ ವಜಾ ಆಯ್ತು. ಸುಪ್ರೀಂ ಕೋರ್ಟ್‌ಗೆ ಹೋದ ಈ ಪ್ರಕರಣಕ್ಕೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದಿಂದ ಉತ್ತರ ಸಿಕ್ಕಿದ್ದು 2024ರ ನವೆಂಬರ್ 7ಕ್ಕೆ. ತೇಜ್ ಪ್ರಕಾಶ್ ಪಾಠಕ್ ಪ್ರಕರಣ ಅಂತ ಈಗ ಎಲ್ಲಾ ನೇಮಕಾತಿ ವ್ಯಾಜ್ಯದಲ್ಲೂ ಉಲ್ಲೇಖ ಆಗೋದು ಇದೇ.

ತೀರ್ಪಿನ ಬಗ್ಗೆ ಬಂದ ತಲೆಬರಹಗಳೆಲ್ಲ ಒಂದೇ ಥರ ಇದ್ದವು: ಆಟದ ಮಧ್ಯೆ ನಿಯಮ ಬದಲಿಸುವಂತಿಲ್ಲ. ತಪ್ಪಲ್ಲ, ಆದರೆ ಅರ್ಧ ಸತ್ಯ. ಕೋರ್ಟ್ ಬದಲಾವಣೆಗೆ ಒಂದು ಬಾಗಿಲನ್ನು ತೆರೆದೇ ಇಟ್ಟಿದೆ. ಆ ಬಾಗಿಲು ಎಲ್ಲಿದೆ ಅಂತ ಪರೀಕ್ಷೆ ಬರೆಯೋರಿಗೆ ಗೊತ್ತಿರಬೇಕು.

ಮೊದಲಿಗೆ, ನಡುವೆ ಬಂದ ಕಟ್ಆಫ್‌ನಿಂದ ನಿಜಕ್ಕೂ ಏನು ಹಾಳಾಗುತ್ತೆ? ಇದಕ್ಕೆ 2008ರ ಮಂಜುಶ್ರೀ ಪ್ರಕರಣ ನೋಡಬೇಕು. ಆಂಧ್ರಪ್ರದೇಶದ ಜಿಲ್ಲಾ ನ್ಯಾಯಾಧೀಶರ ಆಯ್ಕೆ. ಲಿಖಿತಕ್ಕೆ 75, ಸಂದರ್ಶನಕ್ಕೆ 25, ಒಟ್ಟು ಅಂಕದ ಮೇಲೆ ಪಟ್ಟಿ. ಸಂದರ್ಶನಕ್ಕೆ ಪ್ರತ್ಯೇಕ ಪಾಸಿಂಗ್ ಮಾರ್ಕ್ ಇರಲಿಲ್ಲ. ಸಂದರ್ಶನ ಎಲ್ಲಾ ಮುಗಿದ ಮೇಲೆ ಅದಕ್ಕೂ ಕನಿಷ್ಠ ಅಂಕ ಬೇಕು ಅಂತ ತೀರ್ಮಾನವಾಯ್ತು.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಬ್ಬಾಕೆಗೆ ಲಿಖಿತದಲ್ಲಿ 60, ಸಂದರ್ಶನದಲ್ಲಿ 11, ಒಟ್ಟು 71. ಇನ್ನೊಬ್ಬನಿಗೆ 55 ಮತ್ತು 13, ಒಟ್ಟು 68. ಮೂಲ ನಿಯಮದಲ್ಲಿ ಆಕೆ ಮುಂದೆ. ಈಗ ಸಂದರ್ಶನದಲ್ಲಿ ಶೇ 50, ಅಂದರೆ ಹನ್ನೆರಡೂವರೆ ಅಂಕ ಕಡ್ಡಾಯ ಅನ್ನಿ. ಆಕೆ ಪಟ್ಟಿಯಿಂದಲೇ ಔಟ್, 68ರವನು ಒಳಗೆ. ಯಾರ ಅಂಕವನ್ನೂ ತಿದ್ದಲಿಲ್ಲ, ಆದರೂ ಪಟ್ಟಿ ಬದಲಾಯ್ತು. ಇನ್ನೊಂದು ಸೂಕ್ಷ್ಮ: ಸಂದರ್ಶನದಲ್ಲಿ 11 ಕೊಟ್ಟವರಿಗೂ ಆ 11 ಅಂದರೆ ಫೇಲ್ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬೇರೆ ಥರ ಕೊಡುತ್ತಿದ್ದರೋ ಏನೋ.

ನಾನು ಎಂಜಿನಿಯರಿಂಗ್ ಓದಿದವನು. ರೀಡಿಂಗ್ ಎಲ್ಲಾ ತೆಗೆದುಕೊಂಡ ಮೇಲೆ ಟಾಲರೆನ್ಸ್ ನಿಗದಿ ಮಾಡಿದರೆ ಲ್ಯಾಬ್‌ನಲ್ಲಿ ಅದನ್ನು ಪ್ರಯೋಗ ಅಂತ ಯಾರೂ ಒಪ್ಪಲ್ಲ. ಯಾವ ಪೀಸ್ ಪಾಸ್ ಆಗಬೇಕು ಅಂತ ಮೊದಲೇ ನೋಡಿಕೊಂಡು ಗೆರೆ ಎಳೆದ ಹಾಗಾಯ್ತು. ಗೆರೆ ಎಳೆದವರ ಮನಸ್ಸು ಶುದ್ಧವೇ ಇರಬಹುದು. ಆದರೆ ಅದನ್ನು ತೋರಿಸಿಕೊಡೋಕೆ ಅವರಿಗೂ ದಾರಿ ಉಳಿದಿರಲ್ಲ.

ಇಷ್ಟು ಸ್ಪಷ್ಟ ಇದ್ದರೆ ಐವರು ನ್ಯಾಯಮೂರ್ತಿಗಳು ಯಾಕೆ ಬೇಕಾಯ್ತು? ಯಾಕಂದ್ರೆ ಎದುರು ವಾದವೂ ಗಟ್ಟಿ ಇದೆ. 1973ರ ಮಾರ್ವಾಹಾ ಪ್ರಕರಣದಲ್ಲಿ ಹರಿಯಾಣದ ಕೆಳ ನ್ಯಾಯಾಂಗಕ್ಕೆ 15 ಹುದ್ದೆಗಳಿದ್ದವು. ಕನಿಷ್ಠ ಶೇ 45 ಪಡೆದು ಪಾಸಾದವರು 40 ಜನ. ಸರ್ಕಾರ ಶೇ 55 ದಾಟಿದ ಮೊದಲ 7 ಜನರಿಗೆ ಮಾತ್ರ ಕೆಲಸ ಕೊಟ್ಟಿತು. ಸುಪ್ರೀಂ ಕೋರ್ಟ್ ಅದು ಸರಿ ಅಂದಿತು. 2013ರಲ್ಲಿ ರಾಜಸ್ಥಾನದ ಪ್ರಕರಣ ಕೇಳಿದ ಮೂವರ ಪೀಠ ಇದನ್ನೇ ಎತ್ತಿತು: ಮಂಜುಶ್ರೀ ತೀರ್ಪು ಕೊಟ್ಟವರು ಮಾರ್ವಾಹಾವನ್ನು ಗಮನಿಸಿಲ್ಲವಲ್ಲ, ಅರ್ಹತೆ ಸಾಲದವರನ್ನೂ ಹುದ್ದೆ ಖಾಲಿ ಇದೆ ಅನ್ನೋ ಕಾರಣಕ್ಕೆ ತೆಗೆದುಕೊಳ್ಳಲೇಬೇಕಾ? ಹಾಗಾಗಿ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಯಿತು.

2024ರ ತೀರ್ಪು ಈ ಗಂಟನ್ನು ಬಿಡಿಸಿದ ರೀತಿ ನನಗೆ ಇಷ್ಟವಾಯ್ತು. ಎರಡೂ ಪ್ರಕರಣದ ಪ್ರಶ್ನೆಯೇ ಬೇರೆ ಅಂದಿತು. ಮಂಜುಶ್ರೀಯದು ಆಯ್ಕೆ ಪಟ್ಟಿಗೆ ಸೇರುವ ಹಕ್ಕು. ಮಾರ್ವಾಹಾದಲ್ಲಿ ಪಟ್ಟಿ ಆಗಲೇ ಸಿದ್ಧವಿತ್ತು; ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಕೆಲಸ ಕೊಡಲೇಬೇಕಾ ಅನ್ನೋದು ಅಲ್ಲಿನ ಪ್ರಶ್ನೆ. ಅಲ್ಲಿ ಕ್ರಮಾಂಕ ತಪ್ಪಿಸಿ ಯಾರನ್ನೂ ಮೇಲೆ ತಂದಿರಲಿಲ್ಲ, ಮೇಲಿನಿಂದ 7ಕ್ಕೆ ನಿಲ್ಲಿಸಿದ್ದರು. ಹುದ್ದೆ ತುಂಬದೇ ಇರೋಕೆ ಪ್ರಾಮಾಣಿಕ ಕಾರಣ ಇದ್ದರೆ ಸರ್ಕಾರ ನಿಲ್ಲಿಸಬಹುದು, ಸುಮ್ಮನೆ ಮನಸ್ಸಿಗೆ ಬಂದಂತೆ ನಿಲ್ಲಿಸುವಂತಿಲ್ಲ.

ಇನ್ನು ಆ ತೆರೆದ ಬಾಗಿಲು. ನೇಮಕಾತಿ ಶುರುವಾಗೋದು ಅರ್ಜಿ ಕರೆದ ಜಾಹೀರಾತಿನಿಂದ, ಮುಗಿಯೋದು ಹುದ್ದೆ ತುಂಬಿದಾಗ. ಈ ಅವಧಿಯಲ್ಲಿ ಆಯ್ಕೆ ಪಟ್ಟಿಯ ಅರ್ಹತಾ ಮಾನದಂಡ ಬದಲಾಗಬಾರದು. ಆದರೆ ಚಾಲ್ತಿಯಲ್ಲಿರುವ ನೇಮಕಾತಿ ನಿಯಮವೋ, ನಿಯಮಕ್ಕೆ ವಿರುದ್ಧವಲ್ಲದ ಜಾಹೀರಾತೋ ಅನುಮತಿ ಕೊಟ್ಟಿದ್ದರೆ ಬದಲಿಸಬಹುದು. ಆಗಲೂ ಆ ಬದಲಾವಣೆ ಸಂವಿಧಾನದ 14ನೇ ವಿಧಿಯ ಸಮಾನತೆಯ ಪರೀಕ್ಷೆ ಪಾಸಾಗಬೇಕು. ಬೇರೆ ಬೇರೆ ಹಂತಕ್ಕೆ ಕಟ್ಆಫ್ ಇಡುವ ಅಧಿಕಾರ ಮೊದಲೇ ಬರೆದಿದ್ದರೆ, ಆ ಹಂತ ಶುರುವಾಗೋ ಮುಂಚೆ ಅದನ್ನು ನಿಗದಿ ಮಾಡಬಹುದು. ಅಭ್ಯರ್ಥಿಗೂ ಮೌಲ್ಯಮಾಪಕರಿಗೂ ಅದು ಅಚ್ಚರಿ ಆಗಬಾರದು ಅನ್ನೋದು ಕೋರ್ಟಿನ ತರ್ಕ.

ಅಂದರೆ ಈ ಇಡೀ ರಕ್ಷಣೆಯನ್ನು ಜಾಹೀರಾತಿನ ಒಂದು ಸಾಲು ಸಡಿಲ ಮಾಡಬಹುದು. ಆಯ್ಕೆ ವಿಧಾನ ಬದಲಿಸುವ ಹಕ್ಕನ್ನು ಪ್ರಾಧಿಕಾರ ಕಾಯ್ದಿರಿಸಿಕೊಂಡಿದೆ ಅನ್ನೋ ಥರದ ಸಾಲು. ನಾವು ಅಧಿಸೂಚನೆಯಲ್ಲಿ ವಯೋಮಿತಿ, ಫೀಸು, ಕೊನೇ ದಿನಾಂಕ ನೋಡಿ ಪಿಡಿಎಫ್ ಮುಚ್ಚಿಬಿಡ್ತೀವಿ. ಆ ಸಾಲು ಇದೆಯಾ, ಅದು ನೇಮಕಾತಿ ನಿಯಮಕ್ಕೆ ಹೊಂದುತ್ತಾ ಅಂತ ನೋಡೋದು ಕಟ್ಆಫ್ ಬಂದು ಬಿದ್ದ ಮೇಲೆ. ಅಧಿಸೂಚನೆಯ ಪ್ರತಿಯನ್ನು ಅರ್ಜಿ ಹಾಕಿದ ದಿನವೇ ತೆಗೆದಿಟ್ಟುಕೊಳ್ಳಿ. ಕರ್ನಾಟಕದ ಸರ್ಕಾರಿ ಹುದ್ದೆಯ ತಕರಾರು ಮೊದಲು ಹೋಗೋದು ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಲ್ಲಿ ಮೊದಲು ಕೇಳೋದೇ ಆ ಕಾಗದ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. ನಮ್ಮ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತಲ್ಲ, ಅದು ನಿಯಮ ಬದಲಿಸಿದ್ದಲ್ಲ. ಕೆಟ್ಟ ಆಟ ನಿಲ್ಲಿಸಿ, ಮತ್ತೆ ಆಡಿಸಿದ್ದು. ರದ್ದತಿ ಸರಿಯೋ ತಪ್ಪೋ ಅನ್ನೋ ವಾದದಲ್ಲಿ ಈ ತೀರ್ಪು ಹೆಚ್ಚು ಉಪಯೋಗಕ್ಕೆ ಬರಲ್ಲ.

ಗೆದ್ದರೆ ಏನು ಸಿಗುತ್ತೆ? ಕೇರಳದ ಕಥೆ ಕೇಳಿ. 2015ರಲ್ಲಿ ಅಲ್ಲಿನ ಹೈಕೋರ್ಟ್ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಕರೆದಿತ್ತು. ಸಂದರ್ಶನಕ್ಕೆ ಕಟ್ಆಫ್ ಇಲ್ಲ ಅಂತಿದ್ದರೂ 2017ರಲ್ಲಿ, ಸಂದರ್ಶನ ಮುಗಿದ ಮೇಲೆ, ಕಟ್ಆಫ್ ತಂದರು. (ಆಂಧ್ರ, ರಾಜಸ್ಥಾನ, ಕೇರಳ ಮೂರರಲ್ಲೂ ನಿಯಮ ಬದಲಿಸಿದ್ದು ಹೈಕೋರ್ಟುಗಳೇ ಅನ್ನೋದನ್ನು ಗಮನಿಸಿ.) 2023ರ ಜುಲೈನಲ್ಲಿ ಸಂವಿಧಾನ ಪೀಠ ಅದು ತಪ್ಪು, ಅಭ್ಯರ್ಥಿಗಳ ನ್ಯಾಯಯುತ ನಿರೀಕ್ಷೆಗೆ ಏಟು ಅಂತ ಹೇಳಿತು. ಆದರೆ ಆಯ್ಕೆಯಾದವರು ಅಷ್ಟರಲ್ಲಿ ಆರು ವರ್ಷ ನ್ಯಾಯಾಧೀಶರಾಗಿ ಕೆಲಸ ಮಾಡಿದ್ದರು. ಅವರನ್ನು ಈಗ ಎಬ್ಬಿಸೋದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಅಂತ ಕೋರ್ಟ್ ಅವರನ್ನು ಅಲ್ಲೇ ಬಿಟ್ಟಿತು. ಅರ್ಜಿದಾರರಿಗೆ ಹುದ್ದೆ ಸಿಗಲಿಲ್ಲ. ರಾಜಸ್ಥಾನದ ಮೂವರ ವಿಷಯದಲ್ಲೂ ಐವರ ಪೀಠ ಉತ್ತರಿಸಿದ್ದು ಕಾನೂನಿನ ಪ್ರಶ್ನೆಗೆ ಮಾತ್ರ. ಅರ್ಜಿ ಕರೆದ 15 ವರ್ಷದ ಮೇಲೆ, ಅವರ ಮೇಲ್ಮನವಿ ಮತ್ತೆ ಮಾಮೂಲಿ ಪೀಠದ ಸರದಿಗೆ ಹೋಯಿತು.