ಎದೆ ಉಬ್ಬಿತು, ಬೆನ್ನಿನ ಕತೆ ಏನು ಮಾರಾಯ್ರೇ?

ನಮ್ಮ ಮೂಡಿಗೆರೆ ಕಡೆಯ ಜಿಮ್ ಹುಡುಗರಿಗೆ ಬೆಂಚ್ ಪ್ರೆಸ್ಸೇ ಪ್ರಪಂಚ. ಫೇಸ್ ಪುಲ್ ಮಾಡ್ರೋ ಅಂದ್ರೆ ಇದ್ದಬದ್ದ ತೂಕ ಹಾಕಿ, ಹಿಂದಕ್ಕೆ ವಾಲಿ, ಹಗ್ಗವನ್ನು ಎದೆಗೆ ಎಳೀತಾರೆ. ಅದು ಫೇಸ್ ಪುಲ್ ಅಲ್ಲ ಸ್ವಾಮೀ, ಬರೀ ರೋಯಿಂಗು!

ಹಗ್ಗ ಮುಖದ ಎತ್ತರಕ್ಕೆ ಬರಬೇಕು. ಮೊಣಕೈ ಅಗಲಿಸಿ ಎಳೆದಾಗ ಭುಜದ ಹಿಂದಿನ ಸ್ನಾಯು ದುಡಿಯುತ್ತೆ. ಕೊನೆಗೆ ಮುಷ್ಟಿಗಳು ಕಿವಿಯ ಪಕ್ಕಕ್ಕೆ ತಿರುಗಬೇಕು. ಹಾಗೆ ತಿರುಗಿಸುವ ಇನ್‌ಫ್ರಾಸ್ಪೈನೇಟಸ್ ಹುಟ್ಟೋದೇ ಬೆನ್ನಿನ ರೆಕ್ಕೆಮೂಳೆಯಿಂದ. ಅದು ತೋಳನ್ನು ತಿರುಗಿಸುವಾಗ ರೆಕ್ಕೆಮೂಳೆ ಜಾರದಂತೆ ಟ್ರಪೀಜಿಯಸ್ ಹಿಡಿದಿರಬೇಕು. ಇಬ್ಬರಿಗೂ ಒಟ್ಟಿಗೆ ಕೆಲಸ ಕೊಡೋದೇ ಈ ವ್ಯಾಯಾಮದ ಗುಟ್ಟು.

ಮುಷ್ಟಿ ಮೊಣಕೈಗಿಂತ ಕೆಳಗೇ ಉಳಿದರೆ ತೂಕ ಜಾಸ್ತಿಯಾಯ್ತು ಅಂತಲೇ ಅರ್ಥ. ನಿಧಾನಕ್ಕೆ 15 ಸಲ ಎಳೆಯುವಷ್ಟಿದ್ದರೆ ಸಾಕು.

ಕಾಫಿ ಕೊಯ್ಲಲ್ಲಿ ದಿನವಿಡೀ ಕೈ ಮುಂದಕ್ಕೇ ಚಾಚಿರುತ್ತೆ. ಸಂಜೆ ಜಿಮ್ಮಲ್ಲೂ ಮುಂದಕ್ಕೇ ತಳ್ಳೋದಾ? ನೀವೇ ಹೇಳಿ...